ಲೋಟ ಒಡೆದುಹೋಯ್ತು

ನಮ್ಮ ಮನೆಯಲ್ಲಿ ಇವತ್ತಿನವರೆಗೆ ಯಾರೂ ಒಂದು ಲೋಟ ಒಡೆದಿಲ್ಲ. ಲೋಟಗಳು ಒಡೆದುಹೋಗಿವೆ, ಅಷ್ಟೆ. ಹಾಲು ಉಕ್ಕಿದೆ, ಉಪ್ಪಿನಕಾಯಿ ಭರಣಿ ಬಿದ್ದಿದೆ, ಅಜ್ಜನ ಕನ್ನಡಕ ಕೂತವರ ಕೆಳಗೆ ತಾನಾಗಿ ಬಂದು ಸಿಕ್ಕಿಹಾಕಿಕೊಂಡಿದೆ. ಮಾಡಿದವರ ಹೆಸರೇ ಇಲ್ಲದೆ ಮಾತು ಮುಗಿಸುವ ಸೌಕರ್ಯವನ್ನು ಕನ್ನಡ ನಮಗೆ ಹಾಲೂಡಿಸುವಾಗಲೇ ಕೊಟ್ಟುಬಿಟ್ಟಿದೆ. ಅಮ್ಮನ ಹತ್ತಿರ ಮಾತ್ರ ಅದು ನಡೆಯುತ್ತಿರಲಿಲ್ಲ. "ಒಡೆದುಹೋಯ್ತಾ? ಯಾವ ಬಸ್ಸಿಗೆ ಹೋಯ್ತಂತೆ?" ಅನ್ನುತ್ತಿದ್ದಳು.

ಹೀಗೆ ಬೆಳೆದ ನನಗೆ ಆಫೀಸಿನಲ್ಲಿ ಒಂದು ಮಧ್ಯಾಹ್ನ, "ಬೆಳಗ್ಗಿನ ಘಟನೆಗೆ ಒಂದು ಬ್ಲೇಮ್‌ಲೆಸ್ ವರದಿ ಬರೀರಿ. ಯಾರ ಮೇಲೂ ಬೆರಳು ತೋರಿಸಬಾರದು" ಎಂದಾಗ ನಗು ಬಂತು. ಇದಕ್ಕೆ ಟ್ರೈನಿಂಗ್ ಬೇರೆ ಬೇಕೇ? ಹತ್ತು ನಿಮಿಷದಲ್ಲಿ ಒಂದು ಪುಟ ಗೀಚಿದೆ. "ಸರ್ಟಿಫಿಕೇಟಿನ ಅವಧಿ ಮುಗಿದುಹೋಗಿತ್ತು. ಆದ್ದರಿಂದ ಸೇವೆ ನಿಂತುಹೋಯಿತು. ನಂತರ ಸರಿಹೋಯಿತು." ಮೂರೂ ವಾಕ್ಯಗಳಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಮೇಲಿನವರು ಓದಿ, "ಇದರಲ್ಲಿ ಬ್ಲೇಮೂ ಇಲ್ಲ, ಬೇರೆ ಏನೂ ಇಲ್ಲ" ಎಂದು ವಾಪಸ್ ಕಳಿಸಿದರು. ಹೋಗುವಾಗ ಬಾಗಿಲ ಹತ್ತಿರ ನಿಂತು ದನಿ ತಗ್ಗಿಸಿ ಕೇಳಿದರು: "ವರದಿಯಲ್ಲಿ ಬೇಡ. ನನಗೊಬ್ಬನಿಗೆ ಹೇಳಿ, ಯಾರು ಮಾಡಿದ್ದು?"

ಯಾರು ಮಾಡಿದ್ದು ಅನ್ನುವ ಮೊದಲು ಏನಾಯಿತು ಎಂದು ಹೇಳಬೇಕು. ನಮ್ಮದು ಬಸ್ ಟಿಕೆಟ್ ಮಾರುವ ಆ್ಯಪ್. ಹೆಸರು ಬೇಡ. 2024ರ ಆಗಸ್ಟ್ 29, ಗುರುವಾರ. ಗಣೇಶನ ಹಬ್ಬಕ್ಕೆ ಒಂಬತ್ತು ದಿನ ಬಾಕಿ. ಊರಿಗೆ ಹೋಗುವವರೆಲ್ಲ ಕಿಟಕಿ ಸೀಟಿಗಾಗಿ ಬೆಳಗಾಗುವುದನ್ನೇ ಕಾಯುತ್ತಿರುವ ಹೊತ್ತು. ಸರಿಯಾಗಿ 8:42ಕ್ಕೆ ನಮ್ಮ ಆ್ಯಪ್ ಜನರಿಗೆ, "ನಿಮ್ಮ ಇಂಟರ್‌ನೆಟ್ ಸಂಪರ್ಕವನ್ನು ಪರಿಶೀಲಿಸಿ" ಎಂದು ಬುದ್ಧಿ ಹೇಳಲು ಶುರುಮಾಡಿತು. ಕೆಟ್ಟಿದ್ದು ನಮ್ಮ ಸರ್ವರ್, ಪರಿಶೀಲಿಸಬೇಕಾದ್ದು ಅವರ ವೈಫೈ! ಜನ ಪಾಪ, ಮೋಡೆಮ್ ಆರಿಸಿ ಹಚ್ಚಿದರು, ಫೋನ್ ಆರಿಸಿ ಹಚ್ಚಿದರು, ಮಹಡಿ ಹತ್ತಿ ಸಿಗ್ನಲ್ ಹುಡುಕಿದರು. ನಮ್ಮ ಕಾಲ್ ಸೆಂಟರಿನವರೂ ಫೋನ್ ಮಾಡಿದವರಿಗೆಲ್ಲ ಅದನ್ನೇ ಹೇಳಿದರು, ಯಾಕೆಂದರೆ ಅವರ ಫೋನಿನಲ್ಲೂ ಆ್ಯಪ್ ಅದನ್ನೇ ಹೇಳುತ್ತಿತ್ತು.

ಸರ್ಟಿಫಿಕೇಟ್ ಅಂದರೆ ಸರ್ವರಿನ ಬಸ್ ಪಾಸು ಅಂದುಕೊಳ್ಳಿ. "ನಾನು ಇಂಥವನೇ, ಇಂಥ ಸಂಸ್ಥೆ ಸಹಿ ಹಾಕಿದೆ, ಇಂಥ ತಾರೀಖಿನವರೆಗೆ ನಡೆಯುತ್ತದೆ" ಎಂದು ಪ್ರತಿ ಹೊಸ ಸಂಪರ್ಕದ ಆರಂಭದಲ್ಲಿ ಸರ್ವರ್ ಅದನ್ನು ತೋರಿಸಬೇಕು. ಕಂಡಕ್ಟರ್ ನಿಮ್ಮ ಫೋನು. ತಾರೀಖು ಒಂದು ಸೆಕೆಂಡ್ ಮೀರಿದರೂ ಆತ ಇಳಿಸಿಬಿಡುತ್ತಾನೆ. ನಮಗೆ ಪಾಸು ಕೊಡುತ್ತಿದ್ದದ್ದು ಲೆಟ್ಸ್ ಎನ್‌ಕ್ರಿಪ್ಟ್. ಕಾಸಿಲ್ಲದೆ ಕೊಡುತ್ತಾರೆ, ಆದರೆ 90 ದಿನಕ್ಕೆ ಮಾತ್ರ. ಹಾಗಾಗಿ ನವೀಕರಣಕ್ಕೆ ಮನುಷ್ಯರನ್ನು ನಂಬುವಂತಿಲ್ಲ. ಸರ್ಟ್‌ಬಾಟ್ ಎಂಬ ಪ್ರೋಗ್ರಾಮು ದಿನಕ್ಕೆರಡು ಸಲ ಎದ್ದು ನೋಡುತ್ತಿತ್ತು, 30 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಹೊಸದನ್ನು ತಂದು ಡಿಸ್ಕಿನಲ್ಲಿ ಇಡುತ್ತಿತ್ತು.

ಅದು ತಂದಿತ್ತು! ನಮ್ಮ ಕಥೆಯ ರುಚಿ ಇರುವುದೇ ಇಲ್ಲಿ. ಅವಧಿ ಮೀರುವ 30 ದಿನ ಮೊದಲೇ, ಜುಲೈ 30ರಂದೇ, ಹೊಸ ಪಾಸು ಮನೆಗೆ ಬಂದಿತ್ತು. ಬೀರುವಿನಲ್ಲಿ ಜೋಪಾನವಾಗಿತ್ತು. ಆದರೆ ಬಸ್ ಹತ್ತುವವನ ಜೇಬಿನಲ್ಲಿದ್ದದ್ದು ಹಳೆಯದು. ಬಾಗಿಲಲ್ಲಿ ನಿಂತು ಪಾಸು ತೋರಿಸುವ ಕೆಲಸ ಎಂಜಿನ್‌ಎಕ್ಸ್ ಎಂಬ ಇನ್ನೊಂದು ಪ್ರೋಗ್ರಾಮಿನದು. ಅದು ಶುರುವಾಗುವಾಗ ಒಮ್ಮೆ ಫೈಲು ಓದಿ ನೆನಪಿನಲ್ಲಿಟ್ಟುಕೊಂಡರೆ ಮುಗಿಯಿತು, ಯಾರಾದರೂ ಬಂದು 'ರೀಲೋಡ್' ಎಂದು ಭುಜ ತಟ್ಟುವವರೆಗೆ ಮತ್ತೆ ಬೀರುವಿನ ಕಡೆ ತಿರುಗಿ ನೋಡುವುದಿಲ್ಲ. ಒಂದು ತಿಂಗಳು ಅದು ಹಳೆಯ ಪಾಸನ್ನೇ ತೋರಿಸಿತು. ಅದಿನ್ನೂ ಊರ್ಜಿತವಾಗಿದ್ದರಿಂದ ಯಾರಿಗೂ ಏನೂ ಅನ್ನಿಸಲಿಲ್ಲ.

ಹಾಗಾದರೆ ಇಷ್ಟು ವರ್ಷ ಹೇಗೆ ನಡೆಯಿತು? ಈ ಪ್ರಶ್ನೆ ಕೇಳಿದ ಮೇಲೆಯೇ ನನ್ನ ವರದಿಗೆ ಜೀವ ಬಂದದ್ದು. ನಾವು ಪ್ರತಿ ಬುಧವಾರ ರಾತ್ರಿ ಆ್ಯಪಿನ ಹೊಸ ಆವೃತ್ತಿ ಬಿಡುತ್ತೇವೆ. ಬಿಡುವ ಸ್ಕ್ರಿಪ್ಟಿನ ಕೊನೆಯಲ್ಲಿ ಎಂಜಿನ್‌ಎಕ್ಸನ್ನು ರೀಲೋಡ್ ಮಾಡುವ ಒಂದು ಸಾಲಿತ್ತು. ಸರ್ಟಿಫಿಕೇಟಿಗಾಗಿ ಬರೆದ ಸಾಲಲ್ಲ ಅದು, ಬೇರೆ ಯಾವುದೋ ಹಳೆಯ ಕಾರಣಕ್ಕೆ ಇದ್ದದ್ದು. ಆದರೆ ವಾರಕ್ಕೊಮ್ಮೆ ಭುಜ ತಟ್ಟುವ ಕೆಲಸ ಅದರ ಪಾಡಿಗೆ ಆಗುತ್ತಿತ್ತು. ಜುಲೈ 10ರಂದು ಸ್ಕ್ರಿಪ್ಟನ್ನು ಚೊಕ್ಕಟ ಮಾಡುವಾಗ, ಈಗ ಇದರ ಅಗತ್ಯವಿಲ್ಲ ಎಂದು ಆ ಸಾಲನ್ನು ತೆಗೆದರು. ಇಬ್ಬರು ಪರಿಶೀಲಿಸಿ ಒಪ್ಪಿಗೆ ಕೊಟ್ಟರು. ಒಪ್ಪಿದ್ದು ಸರಿಯಾಗಿಯೇ ಇತ್ತು, ಆ ಸಾಲು ಬರೆದ ಕಾರಣ ನಿಜಕ್ಕೂ ಹೋಗಿಬಿಟ್ಟಿತ್ತು. ಮನೆಯಲ್ಲಿ ಹಳೆ ಗೂಟ ಕಿತ್ತಮೇಲೆ ಅದು ಗೋಡೆಯನ್ನೂ ಹಿಡಿದಿತ್ತು ಅಂತ ಗೊತ್ತಾಗುವುದಿಲ್ಲವೇ, ಹಾಗೆ. 50 ದಿನ ಗೋಡೆ ನಿಂತೇ ಇತ್ತು.

ಇನ್ನು ಆ ಒಂದು ಗಂಟೆ.

8:42:08ಕ್ಕೆ ಅವಧಿ ಮುಗಿಯಿತು. ಆದರೆ ಗ್ರಾಫು ಗೋಡೆಯ ಹಾಗೆ ಬೀಳಲಿಲ್ಲ, ಜಾರುಬಂಡೆಯ ಹಾಗೆ ಇಳಿಯಿತು. ಪಾಸು ತೋರಿಸುವುದು ಹತ್ತುವಾಗ ಮಾತ್ರ ತಾನೆ? ಆಗಲೇ ಒಳಗೆ ಕೂತವರ ಸಂಪರ್ಕಗಳು ಮುಂದುವರಿದವು, ಹೊಸಬರಿಗಷ್ಟೇ ಬಾಗಿಲು ಮುಚ್ಚಿತ್ತು. ಇನ್ನೂ ಚೆಂದದ ಸಂಗತಿ ಎಂದರೆ ನಮ್ಮ ಎಚ್ಚರಿಕೆ ಗಂಟೆ ಬಾರಿಸಲೇ ಇಲ್ಲ. ಅದು ನೋಡುತ್ತಿದ್ದದ್ದು ನೂರು ವಿನಂತಿಗಳಲ್ಲಿ ಎಷ್ಟು ಕೆಟ್ಟವು ಎಂದು. ಸರ್ಟಿಫಿಕೇಟ್ ನೋಡಿಯೇ ಹಿಂದಿರುಗಿದ ಫೋನು ವಿನಂತಿಯನ್ನು ಕಳಿಸುವುದೇ ಇಲ್ಲ. ಬರದವರ ಲೆಕ್ಕ ಹಾಜರಿ ಪುಸ್ತಕದಲ್ಲಿ ಎಲ್ಲಿರುತ್ತದೆ? ಅಂದು ಬೆಳಗ್ಗೆ ನಮ್ಮ ದೋಷದ ಪ್ರಮಾಣ ವರ್ಷದಲ್ಲೇ ಅತಿ ಕಡಿಮೆ ಇತ್ತು. ಪರದೆಯ ತುಂಬ ಹಸಿರೋ ಹಸಿರು. ಆ ಫೋನುಗಳು ಹಿಂದಿರುಗುವಾಗ ಬಾಗಿಲಲ್ಲಿ ಗೊಣಗಿದ್ದನ್ನು ಎಂಜಿನ್‌ಎಕ್ಸ್ ಬರೆದಿಡಬಲ್ಲದು ನಿಜ, ಆದರೆ ಅದನ್ನು 'ಮಾಹಿತಿ' ಎಂಬ ತೀರ ಕೆಳದರ್ಜೆಯ ಸಾಲಾಗಿ ಬರೆಯುತ್ತದೆ. ನಮ್ಮ ಲಾಗಿನಲ್ಲಿ ಆ ದರ್ಜೆಯನ್ನು ಗದ್ದಲ ಎಂದು ಆರಿಸಿಟ್ಟಿದ್ದೆವು.

8:49ಕ್ಕೆ ಕಾಲ್ ಸೆಂಟರಿನಿಂದ ಮೊದಲ ಸುದ್ದಿ. 8:58ಕ್ಕೆ ನಾವೆಲ್ಲ ಒಂದು ಕರೆಯಲ್ಲಿ ಸೇರಿದೆವು. ಇಂಥ ಹೊತ್ತಿನಲ್ಲಿ ಅನುಮಾನ ಯಾರ ಮೇಲೆ? ನಿನ್ನೆ ರಾತ್ರಿ ಮನೆಗೆ ಬಂದ ನೆಂಟನ ಮೇಲೆ. ಬುಧವಾರದ ಆವೃತ್ತಿಯನ್ನು ಹಿಂದೆಗೆಯಲು ಹೊರಟೆವು. ಹನ್ನೆರಡು ನಿಮಿಷ ಹಿಡಿಯಿತು. ಏನೂ ಆಗಲಿಲ್ಲ, ನೆಂಟ ನಿರಪರಾಧಿ. 9:12ಕ್ಕೆ ಟೆಸ್ಟಿಂಗಿನ ಹುಡುಗ ಸುಮ್ಮನೆ ಕ್ರೋಮ್ ಬ್ರೌಸರಿನಲ್ಲಿ ವಿಳಾಸ ತೆರೆದ. ಅದು ಮುಖಕ್ಕೆ ಹೊಡೆದಂತೆ ಹೇಳಿತು: `NET::ERR_CERT_DATE_INVALID`.

ಇಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತೀರಿ. ನಾವೂ ಹಾಗೇ ಅಂದುಕೊಂಡೆವು. ಡ್ಯೂಟಿಯಲ್ಲಿದ್ದ ಹುಡುಗಿ ತಕ್ಷಣ ಸರ್ವರಿಗೆ ಹೋಗಿ ಕೈಪಿಡಿಯಲ್ಲಿ ಬರೆದ ಹಾಗೇ ಪರೀಕ್ಷಿಸಿದಳು.

```
openssl x509 -noout -enddate -in fullchain.pem
```

ಉತ್ತರ, ಅಕ್ಟೋಬರ್ 28. "ಸರ್ಟಿಫಿಕೇಟ್ ಸರಿ ಇದೆ, ಇನ್ನೂ 60 ದಿನ ಇದೆ" ಎಂದಳು. ದಿನಾ ಬೆಳಗ್ಗೆ ಇದೇ ಫೈಲನ್ನು ನೋಡುವ ನಮ್ಮ ಕಾವಲು ಪ್ರೋಗ್ರಾಮೂ ಹಸಿರು ದೀಪ ಹಚ್ಚಿಕೊಂಡು ಅದನ್ನೇ ಹೇಳಿತು. ಇಬ್ಬರು ಸಾಕ್ಷಿ ಒಂದೇ ಮಾತು ಹೇಳಿದ ಮೇಲೆ ತಪ್ಪಿತಸ್ಥ ಯಾರು? ಟೆಸ್ಟಿಂಗಿನ ಹುಡುಗನ ಲ್ಯಾಪ್‌ಟಾಪ್. ಗಡಿಯಾರ ತಪ್ಪಿದ್ದರೂ ಇಂಥ ಸಂದೇಶ ಬರುವುದುಂಟು ಎಂದು ಹಿರಿಯರೊಬ್ಬರು ಹೇಳಿದರು, ಅದೂ ನಿಜವೇ. ಹುಡುಗ ಗಡಿಯಾರ ನೋಡಿದ. ಇನ್ನೊಬ್ಬರು ತಮ್ಮದನ್ನು ನೋಡಿದರು. ಬೆಂಗಳೂರಿನ ಅಷ್ಟೂ ಗಡಿಯಾರ ಸರಿಯಿದ್ದವು.

ನಂತರ ಮತ್ತೊಬ್ಬರು ಬ್ರೌಸರಿಗೆ ಸಿಕ್ಕಿದ ಸರ್ಟಿಫಿಕೇಟನ್ನು ಬಿಚ್ಚಿ ಅದರ ಅಂತ್ಯದ ಸಮಯವನ್ನು ಓದಿ ಹೇಳಿದರು, 03:12. "ಮೂರು ಗಂಟೆಗೇ ಸತ್ತಿದ್ದರೆ ಎಂಟೂ ಮುಕ್ಕಾಲರ ತನಕ ಟಿಕೆಟ್ ಹೇಗೆ ಮಾರಿತು? ಇದಲ್ಲ ಬಿಡಿ ಕಾರಣ" ಎಂದು ಎಲ್ಲರೂ ಒಪ್ಪಿದೆವು. ಅದು ಗ್ರೀನಿಚ್ ಸಮಯ, ಐದೂವರೆ ಗಂಟೆ ಕೂಡಿಸಿದರೆ ನಮ್ಮ 8:42 ಆಗುತ್ತದೆ ಎಂದು ಹೊಳೆಯಲು ಏಳು ನಿಮಿಷ ಬೇಕಾಯಿತು. ಕರೆಯಲ್ಲಿ ಹನ್ನೊಂದು ಜನ ಇಂಜಿನಿಯರುಗಳಿದ್ದೆವು. ಐದೂವರೆ ಕೂಡಿಸುವ ಲೆಕ್ಕಕ್ಕೆ ಕೊರತೆ ಇರಲಿಲ್ಲ ಅಂತ ಹೇಳಬಯಸುತ್ತೇನೆ.

9:31ಕ್ಕೆ ಯಾರೋ ಬೀರು ಬಿಟ್ಟು ಜೇಬನ್ನು ತಪಾಸಣೆ ಮಾಡಿದರು. ಅಂದರೆ ಫೈಲನ್ನಲ್ಲ, ಹೊರಗಿನಿಂದ ಬಂದವರಿಗೆ ಸರ್ವರ್ ನಿಜವಾಗಿ ಏನು ತೋರಿಸುತ್ತಿದೆ ಎಂಬುದನ್ನು.

```
openssl s_client -connect HOST:443 -servername HOST </dev/null \
  | openssl x509 -noout -enddate
notAfter=Aug 29 03:12:08 2024 GMT
```

ಡಿಸ್ಕಿನಲ್ಲಿ ಅಕ್ಟೋಬರ್, ಬಾಗಿಲಲ್ಲಿ ಆಗಸ್ಟ್. ಕರೆಯಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಎಂಜಿನ್‌ಎಕ್ಸ್ ರೀಲೋಡ್ ಮಾಡುವ ಅಧಿಕಾರವಿದ್ದವರನ್ನು ಹುಡುಕಿದೆವು. ಅವರು ಮೆಟ್ರೋದಲ್ಲಿ ಮೆಜೆಸ್ಟಿಕ್ಕಿನ ನೆಲದಡಿಯಲ್ಲಿದ್ದರು. ಮೇಲೆ ಬಂದರು, ಲ್ಯಾಪ್‌ಟಾಪನ್ನು ಮೆಟ್ಟಿಲ ಮೇಲಿಟ್ಟು `systemctl reload nginx` ಎಂದು ಒತ್ತಿದರು. ಒಂದು ಸೆಕೆಂಡು. 9:42ಕ್ಕೆ ಕಿಟಕಿ ಸೀಟುಗಳು ಮತ್ತೆ ಮಾರಾಟವಾಗತೊಡಗಿದವು. ಒಟ್ಟು ಒಂದು ಗಂಟೆಯಲ್ಲಿ ರಿಪೇರಿ ಒಂದು ಸೆಕೆಂಡು, ಉಳಿದದ್ದೆಲ್ಲ ಹುಡುಕಾಟ.

ಈಗ ಬರೆಯಿರಿ ನೋಡೋಣ, ಯಾರ ಮೇಲೂ ಬೆರಳು ತೋರಿಸದೆ.

ನನ್ನ ಎರಡನೆಯ ಪ್ರತಿಯಲ್ಲಿ ಹೆಸರೊಂದೂ ಇರಲಿಲ್ಲ, ವಿವರ ಬೇಕಾದಷ್ಟಿತ್ತು. ಆದರೂ ಡ್ಯೂಟಿಯ ಹುಡುಗಿ ಓದಿ ಮುಖ ಸಣ್ಣಗೆ ಮಾಡಿಕೊಂಡಳು. ಯಾಕೆ ಎಂದು ಮತ್ತೆ ಮತ್ತೆ ಓದಿದೆ. ಆಗ ಸಿಕ್ಕಿತು ಕಳ್ಳ. "ಸರ್ವರ್ ತೋರಿಸುತ್ತಿದ್ದ ಸರ್ಟಿಫಿಕೇಟನ್ನು ನೋಡಬೇಕಿತ್ತು." "ಗ್ರೀನಿಚ್ ಸಮಯ ಎಂದು ಗಮನಿಸಬಹುದಿತ್ತು." "ಆ ಸಾಲನ್ನು ತೆಗೆಯದಿದ್ದರೆ." ಹೆಸರು ಹೇಳದೆ ಬೈಯುವುದಕ್ಕೆ ಕನ್ನಡದಲ್ಲಿ 'ಬೇಕಿತ್ತು' ಅನ್ನುವುದಕ್ಕಿಂತ ಒಳ್ಳೆ ಆಯುಧವಿಲ್ಲ. ಮದುವೆ ಮನೆಯಲ್ಲಿ, "ಸಾರಿಗೆ ಇನ್ನೊಂಚೂರು ಉಪ್ಪು ಬೇಕಿತ್ತು" ಎಂದರೆ ಅಡಿಗೆಯವರ ಹೆಸರು ಹೇಳಬೇಕೆ? ಎಣಿಸಿದೆ, ಒಂದೂವರೆ ಪುಟದಲ್ಲಿ ಹನ್ನೊಂದು ಬೇಕಿತ್ತುಗಳಿದ್ದವು. ಅವೆಲ್ಲ ಆಗದೇ ಹೋದ ಸಂಗತಿಗಳು. ಆಗದ್ದರ ಪಟ್ಟಿಯನ್ನೇ ಘಟನೆಯ ವರದಿ ಅಂದುಕೊಂಡಿದ್ದೆ.

ಹನ್ನೊಂದನ್ನೂ ಹೊಡೆದುಹಾಕಿ ಅಲ್ಲೆಲ್ಲ ನಡೆದದ್ದನ್ನು ಬರೆಯಲು ಕೂತೆ. ಬ್ಲೇಮ್‌ಲೆಸ್ ಎಂಬ ಮಾತನ್ನು ನಮ್ಮ ಕಸುಬಿನಲ್ಲಿ ಚಾಲ್ತಿಗೆ ತಂದವರಲ್ಲಿ ಒಬ್ಬರು ಜಾನ್ ಆಲ್‌ಸ್ಪಾ, ಆಗ ಎಟ್ಸಿ ಕಂಪನಿಯಲ್ಲಿದ್ದವರು. 2012ರಲ್ಲಿ ಅವರು ಬರೆದ ಲೇಖನ ಕೇಳುವುದೂ ಇದನ್ನೇ: ಆ ವ್ಯಕ್ತಿ ಯಾವ ಹೊತ್ತಿಗೆ ಏನು ಮಾಡಿದ, ಆಗ ಅವನಿಗೆ ಏನು ಕಂಡಿತು, ಏನಾಗುತ್ತದೆ ಅಂದುಕೊಂಡಿದ್ದ, ಯಾವುದನ್ನು ನಂಬಿಕೊಂಡಿದ್ದ. ಶಿಕ್ಷೆಯ ಹೆದರಿಕೆ ಇಲ್ಲದಿದ್ದರೆ ಮಾತ್ರ ಇದೆಲ್ಲ ಬಾಯಿಗೆ ಬರುತ್ತದೆ. ನಾನು ಅಂದುಕೊಂಡದ್ದಕ್ಕೆ ಇದು ತೀರ ಉಲ್ಟಾ. ಮಾಡಿದವರನ್ನು ವಾಕ್ಯದಿಂದ ಓಡಿಸುವುದಲ್ಲ, ಕೂರಿಸಿ ಕಾಫಿ ಕೊಟ್ಟು ಮಾತಾಡಿಸುವುದು. 'ಲೋಟ ಒಡೆದುಹೋಯ್ತು' ಎಂಬ ನಮ್ಮ ಮನೆ ಶೈಲಿಯಲ್ಲಿ ಬೈಗುಳದ ಜೊತೆಗೆ ಲೋಟ ಎಲ್ಲಿತ್ತು ಅನ್ನುವುದೂ ಹೊರಟುಹೋಗುತ್ತದೆ.

ಹುಡುಗಿಯನ್ನು ಕೇಳಿದೆ, "9:14ಕ್ಕೆ ಫೈಲನ್ನೇ ಯಾಕೆ ನೋಡಿದೆಯಮ್ಮ?"

"ಕೈಪಿಡಿಯ ನಾಲ್ಕನೇ ಹೆಜ್ಜೆ ಅದೇ ಅಲ್ವಾ ಸರ್? 'ಸರ್ಟಿಫಿಕೇಟಿನ ಅನುಮಾನವಿದ್ದರೆ ಈ ಕಮಾಂಡ್ ಓಡಿಸಿ' ಅಂತ ಇದೆ."

"ಆ ಕೈಪಿಡಿ ಬರೆದ ಪುಣ್ಯಾತ್ಮ ಯಾರು?" ಎಂದು ಅಭ್ಯಾಸಬಲದಿಂದ ಕೇಳಿಬಿಟ್ಟೆ.

ಅವಳು ಸ್ವಲ್ಪ ತಡೆದು, "ಸರ್, ನೀವೇ" ಎಂದಳು. ತೆರೆದು ನೋಡಿದೆ. 2020ರಲ್ಲಿ ಬರೆದದ್ದು, ಕೆಳಗೆ ನನ್ನದೇ ಹೆಸರು. ಆಗ ಬುಧವಾರ ತಪ್ಪದೆ ರೀಲೋಡ್ ಆಗುತ್ತಿತ್ತು. ಬೀರುವಿನಲ್ಲಿದ್ದದ್ದೇ ಜೇಬಿಗೂ ಬರುತ್ತಿತ್ತು. ಬೀರು ನೋಡಿದರೆ ಸಾಕಿತ್ತು. ಹೀಗೆ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಳ್ಳುವಾಗ, ಬ್ಲೇಮ್‌ಲೆಸ್ ತತ್ವ ಎಷ್ಟು ಉದಾತ್ತವಾದದ್ದು ಎಂದು ಮನವರಿಕೆಯಾಯಿತು.

ಮೂರನೆಯ ಪ್ರತಿಯಲ್ಲಿ ಆ ಭಾಗ ಹೀಗೆ ಬಂತು: "9:14ಕ್ಕೆ ಡ್ಯೂಟಿ ಇಂಜಿನಿಯರ್ ಕೈಪಿಡಿಯ ನಾಲ್ಕನೇ ಹೆಜ್ಜೆಯಂತೆ ಡಿಸ್ಕಿನ ಫೈಲನ್ನು ಪರೀಕ್ಷಿಸಿದರು. ಅದು ಅಕ್ಟೋಬರ್ 28 ಎಂದು ತೋರಿಸಿತು. ದಿನನಿತ್ಯದ ಕಾವಲು ಪ್ರೋಗ್ರಾಮ್ ಓದುವುದೂ ಅದೇ ಫೈಲಾದ್ದರಿಂದ ಎರಡೂ ಹೊಂದಿದವು. ಅವರ ಮುಂದಿದ್ದ ಮಾಹಿತಿಯಿಂದ ಸರ್ಟಿಫಿಕೇಟ್ ಸರಿಯಿದೆ ಎಂಬ ತೀರ್ಮಾನ ಸಹಜವಾಗಿತ್ತು. ಸರ್ವರ್ ತೋರಿಸುತ್ತಿರುವ ಸರ್ಟಿಫಿಕೇಟನ್ನು ಹೊರಗಿನಿಂದ ನೋಡುವ ಯಾವ ಸಾಧನವೂ ಕೈಪಿಡಿಯಲ್ಲಿಲ್ಲ." ಇದನ್ನು ಓದಿ ಹುಡುಗಿಯ ಮುಖ ಅರಳಿತು, ನನ್ನದು ಸ್ವಲ್ಪ ಬಾಡಿತು. ಮುಂದೆ ಏನು ಸರಿಪಡಿಸಬೇಕು ಎನ್ನುವುದು ಮಾತ್ರ ಕೊನೆಯ ವಾಕ್ಯದಲ್ಲೇ ಎದ್ದು ಕೂತಿತ್ತು.

ಇಷ್ಟಾದರೂ ಸರಿಪಡಿಸುವ ಕೆಲಸಗಳ ಪಟ್ಟಿಯ ತಲೆಯಲ್ಲಿ ಯಾರೋ, "ಎಲ್ಲರೂ ಇನ್ನು ಮುಂದೆ ಹೆಚ್ಚು ಎಚ್ಚರ ವಹಿಸುವುದು" ಎಂದು ಸೇರಿಸಿದ್ದರು. ಅದು ಕೆಲಸವಲ್ಲ, ಸಂಕಲ್ಪ. ಯುಗಾದಿಯ ದಿನ ಮಾಡಿಕೊಳ್ಳುವಂಥದ್ದು. ತೆಗೆದೆ. ಉಳಿದದ್ದರಲ್ಲಿ ಮೊದಲನೆಯದು ಒಂದೇ ಸಾಲು, ಹೊಸ ಪಾಸು ಬಂದ ಕೂಡಲೇ ಭುಜ ತಟ್ಟುವ ವ್ಯವಸ್ಥೆ:

```
certbot renew --deploy-hook "systemctl reload nginx"
```

ನವೀಕರಣ ಯಶಸ್ವಿಯಾದಾಗ ಮಾತ್ರ ಈ ಕೊಕ್ಕೆ ಓಡುತ್ತದೆ. ಒಮ್ಮೆ ಕೊಟ್ಟರೆ ಆಗ ನವೀಕರಣವಾದ ಸರ್ಟಿಫಿಕೇಟಿನ ಜೊತೆ ನೆನಪಿನಲ್ಲೂ ಉಳಿಯುತ್ತದೆ. ಆದರೆ ಕೊಕ್ಕೆಯೂ ಒಂದು ದಿನ ಕಳಚಬಹುದು. ಅದಕ್ಕೇ ಎರಡನೆಯದು ಹೆಚ್ಚು ಮುಖ್ಯ: ಕಾವಲಿನವನನ್ನು ಬೀರುವಿನ ಮುಂದಿನಿಂದ ಎಬ್ಬಿಸಿ ಬಸ್ ಸ್ಟಾಪಿನಲ್ಲಿ ನಿಲ್ಲಿಸುವುದು. ನಮ್ಮ ಜಾಲದ ಹೊರಗಿನಿಂದ, ಪ್ರಯಾಣಿಕರ ಫೋನಿನ ಹಾಗೆಯೇ ಬಂದು ಬಾಗಿಲು ತಟ್ಟಿ, ತೋರಿಸಿದ ಪಾಸಿನಲ್ಲಿ 21 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಕೂಗುವುದು. 21 ಯಾಕೆಂದರೆ ಹೊಸದು 30 ದಿನ ಇರುವಾಗಲೇ ಬರುತ್ತದೆ. ಅಷ್ಟು ಕೆಳಗಿಳಿದಿದೆ ಎಂದರೆ ಒಂಬತ್ತು ದಿನದಿಂದ ಎಲ್ಲೋ ಏನೋ ಸಿಕ್ಕಿಕೊಂಡಿದೆ, ಬಿಡಿಸಲು ಇನ್ನೂ ಮೂರು ವಾರ ಕೈಯಲ್ಲಿದೆ. ಮೂರನೆಯದಾಗಿ, ಆ್ಯಪ್ ಜನರ ವೈಫೈಯನ್ನು ಬೈಯುವುದನ್ನು ನಿಲ್ಲಿಸಬೇಕು. ಇದಕ್ಕೆ ಸಿಕ್ಕಿದಷ್ಟು ವಿರೋಧ ಬೇರೆ ಯಾವುದಕ್ಕೂ ಸಿಗಲಿಲ್ಲ.

"ಲೆಟ್ಸ್ ಎನ್‌ಕ್ರಿಪ್ಟಿನವರು ಅವಧಿ ಮುಗಿಯುವ ಮೊದಲು ಮೇಲ್ ಕಳಿಸುತ್ತಾರಲ್ಲ, ಯಾಕೆ ಬರಲಿಲ್ಲ?" ಎಂದು ಒಬ್ಬರು ಸಭೆಯಲ್ಲಿ ಕೇಳಿದರು. ಬರುವುದಿಲ್ಲ. ಅವರ ಲೆಕ್ಕದಲ್ಲಿ ನಾವು ಜುಲೈನಲ್ಲೇ ಹೊಸದು ತೆಗೆದುಕೊಂಡ ಸಜ್ಜನರು. ಜೇಬಿನಲ್ಲಿ ಯಾವುದಿದೆ ಎಂದು ನೋಡುವುದು ಪಾಸು ಕೊಡುವವರ ಕೆಲಸವಲ್ಲ. 2025ರ ಜೂನಿನಲ್ಲಿ ಅವರು ಆ ಮೇಲುಗಳನ್ನೇ ನಿಲ್ಲಿಸಿದರು. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ವರ್ಷಕ್ಕೊಮ್ಮೆ ಕೈಯಾರೆ ಬದಲಿಸುವವರ ಕಾಲವೂ ಮುಗಿಯುತ್ತ ಬಂತು. 398 ದಿನವಿದ್ದ ಗರಿಷ್ಠ ಅವಧಿ 2026ರ ಮಾರ್ಚ್ 15ಕ್ಕೆ 200, ಮರುವರ್ಷ 100, 2029ರ ಮಾರ್ಚಿಗೆ 47 ದಿನ ಎಂದು ಬ್ರೌಸರಿನವರೂ ಸರ್ಟಿಫಿಕೇಟ್ ಕೊಡುವವರೂ ಸೇರಿ ತೀರ್ಮಾನಿಸಿದ್ದಾರೆ.

ನಮ್ಮ ಮೇಲಿನವರಿಗೆ ಇನ್ನೂ ಒಂದು ಸಂಕಟವಿತ್ತು, ಇಂಥ ಕ್ಷುಲ್ಲಕ ಕಾರಣ ಬರೆದರೆ ಮರ್ಯಾದೆ ಹೋಗುತ್ತದೆ ಎಂದು. ಸಮಾಧಾನ ಮಾಡಲು ದೊಡ್ಡವರ ಮನೆಯ ಕಥೆ ಹೇಳಬೇಕಾಯಿತು. 2020ರ ಫೆಬ್ರವರಿ 3ರಂದು ಮೈಕ್ರೋಸಾಫ್ಟಿನ ಟೀಮ್ಸ್ ಕೆಲವು ಗಂಟೆ ಮಲಗಿದ್ದು ಇದೇ ಕಾಯಿಲೆಯಿಂದ. 2021ರ ಏಪ್ರಿಲ್ 6ರಂದು ಎಪಿಕ್ ಗೇಮ್ಸ್‌ನಲ್ಲಿ ಒಳಗಿನ ಒಂದು ಸರ್ಟಿಫಿಕೇಟ್ ಮುಗಿದು ದೊಡ್ಡ ರಂಪವಾಯಿತು. ಅವರು ಎಲ್ಲವನ್ನೂ ಬಹಿರಂಗವಾಗಿ ಬರೆದರು: ಆ ಸರ್ಟಿಫಿಕೇಟಿಗೆ ತಾನಾಗಿ ನವೀಕರಣವಾಗುವ ಏರ್ಪಾಡು ಇರಲಿಲ್ಲ, ಕೊರತೆ ಮೊದಲೇ ಗೊತ್ತಾಗಿತ್ತು, ಆದರೆ ಆ ಕೆಲಸಕ್ಕೆ ಸರದಿ ಬಂದಿರಲಿಲ್ಲ ಎಂದು. ನಮ್ಮವರು ಕೇಳಿಸಿಕೊಂಡು ನಿಟ್ಟುಸಿರು ಬಿಟ್ಟರು. ಜ್ವರ ಪಕ್ಕದ ಬಂಗಲೆಗೂ ಬಂದಿತ್ತು ಎಂದರೆ ಗುಡಿಸಲಿಗೆ ಅರ್ಧ ವಾಸಿ.

ವರದಿ ಹೊರಬಿತ್ತು, ಆರು ಪುಟ. ಡ್ಯೂಟಿ ಇಂಜಿನಿಯರ್, ಪರಿಶೀಲಕರು, ಕೈಪಿಡಿ ಬರೆದವರು, ಹೀಗೆ ಎಲ್ಲರೂ ಹುದ್ದೆಗಳಾಗಿ ಓಡಾಡಿದರು. ಯಾರಿಗೂ ನೋವಾಗಲಿಲ್ಲ. ಆದರೆ ಕಂಪನಿಯ ನಮೂನೆಯಲ್ಲಿ ಮೊದಲ ಪುಟದ ಮೇಲೆ ಒಂದು ಪೆಟ್ಟಿಗೆ ಇರುತ್ತದೆ, ಖಾಲಿ ಬಿಟ್ಟರೆ ಫೈಲು ಉಳಿಯುವುದಿಲ್ಲ. 'ಸಿದ್ಧಪಡಿಸಿದವರು'. ಆರು ಪುಟದಲ್ಲಿ ಇದ್ದ ಒಂದೇ ಒಂದು ಮನುಷ್ಯನ ಹೆಸರು ನನ್ನದು.

ಮರುದಿನ ಟೀ ಅಂಗಡಿಯ ಹತ್ತಿರ ಪಕ್ಕದ ವಿಭಾಗದವರೊಬ್ಬರು ಹೆಗಲ ಮೇಲೆ ಕೈಯಿಟ್ಟು, "ಬೇಜಾರ್ ಮಾಡ್ಕೋಬೇಡಿ ಸರ್, ಯಾರಿಗಾದರೂ ಆಗುತ್ತೆ" ಎಂದರು. ಇಲ್ಲ, ಅದು ಹಾಗಲ್ಲ, ಕರ್ತೃ ಬೇರೆ ಕರ್ಮ ಬೇರೆ ಎಂದು ವಿವರಿಸಲು ಬಾಯಿ ತೆರೆದೆ. ನಾಲ್ಕನೇ ಹೆಜ್ಜೆ ನೆನಪಾಯಿತು. ಟೀ ದುಡ್ಡು ಅವರೇ ಕೊಟ್ಟರು.